ಪೀಸೆಲ್ಲಾ ಓಕೆ, ಆದರೂ ಮೆಷಿನ್ ನಿಲ್ಲಬೇಕು

ಬೆಂಗಳೂರಿನ ಪೀಣ್ಯದಲ್ಲಿ ಯಾವುದಾದರೂ ಒಂದು ಟರ್ನಿಂಗ್ ಶಾಪನ್ನು ಕಣ್ಣ ಮುಂದೆ ತಂದುಕೊಳ್ಳಿ. ಶೆಡ್ಡಿನೊಳಗೆ ಆರೇಳು ಸಿಎನ್‌ಸಿ ಲೇತ್‌ಗಳು, ಮೂಗಿಗೆ ಹತ್ತುವ ಕೂಲಂಟ್ ವಾಸನೆ, ಮೂಲೆಯಲ್ಲಿ ಸುರುಳಿ ಸುರುಳಿಯಾಗಿ ಬಿದ್ದ ಚಿಪ್ಸ್ ರಾಶಿ. ಮೂರನೇ ಮೆಷಿನ್ನಿನ ಪಕ್ಕದ ಮೇಜಿನ ಮೇಲೆ ಒಂದು ಮೈಕ್ರೋಮೀಟರ್, ಒಂದು ಒರೆಸುವ ಬಟ್ಟೆ, ಕ್ಲಿಪ್ ಹಲಗೆಗೆ ಸಿಕ್ಕಿಸಿದ ಒಂದು ಹಾಳೆ. ಡಿಪ್ಲೊಮಾ ಕೊನೆಯ ವರ್ಷದ ಹುಡುಗಿಯೊಬ್ಬಳು ಅಲ್ಲಿಗೆ ಇಂಟರ್ನ್ ಆಗಿ ಬಂದು ಒಂದು ವಾರವಾಗಿದೆ. ಗಂಟೆಗೊಮ್ಮೆ ಐದು ಪೀಸ್ ಅಳೆದು, ಹಾಳೆಯಲ್ಲಿ ಬರೆದು, ಎರಡು ಚುಕ್ಕೆ ಇಡುವುದು ಅವಳ ಕೆಲಸ.

ಮಧ್ಯಾಹ್ನ ಒಂದು ಗಂಟೆಗೆ ಅವಳು ಇಟ್ಟ ಚುಕ್ಕೆ ಮೇಲಿನ ಕೆಂಪು ಗೆರೆಯನ್ನು ದಾಟಿ ಕೂತಿತು.

"ಅಣ್ಣಾ, ಮೆಷಿನ್ ನಿಲ್ಲಿಸ್ಬೇಕು" ಅಂದಳು. ವರ್ಷಗಟ್ಟಲೆ ಲೇತ್ ನಡೆಸಿದ ಆಪರೇಟರ್ ಬಂದು ಹಾಳೆ ನೋಡಿದರು. ಐದಕ್ಕೆ ಐದೂ ಪೀಸು ಡ್ರಾಯಿಂಗ್ ಹೇಳಿದ ಅಳತೆಯೊಳಗೇ ಇವೆ. "ಪೀಸೆಲ್ಲಾ ಓಕೆ ಇದೆಯಲ್ಲಮ್ಮಾ, ಯಾಕೆ ನಿಲ್ಲಿಸ್ಲಿ?"

ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಕಾರ್ಖಾನೆಗೆ ಹೊಸದಾಗಿ ಬಂದವರು ಮೊದಲ ತಿಂಗಳಲ್ಲಿ ಎಡವುವುದೂ ಇಲ್ಲೇ. ಡ್ರಾಯಿಂಗಿನಲ್ಲಿರುವ ಎರಡು ಗೆರೆಗಳು ಬೇರೆ, ಚಾರ್ಟಿನಲ್ಲಿರುವ ಎರಡು ಗೆರೆಗಳು ಬೇರೆ. ಡ್ರಾಯಿಂಗಿನ ಗೆರೆಗಳನ್ನು ಎಳೆದವರು ಡಿಸೈನ್ ಮಾಡಿದವರು. ಈ ಅಳತೆ ದಾಟಿದರೆ ಪೀಸು ತನ್ನ ಜಾಗದಲ್ಲಿ ಕೂರುವುದಿಲ್ಲ ಎಂಬುದು ಅವರ ಮಾತು. ಅದಕ್ಕೆ ಟಾಲರೆನ್ಸ್ ಎಂದು ಹೆಸರು. ಚಾರ್ಟಿನ ಗೆರೆಗಳನ್ನು ಯಾರೂ ಇಷ್ಟಕ್ಕೆ ತಕ್ಕಂತೆ ಎಳೆಯುವುದಿಲ್ಲ. ಮೆಷಿನ್ ಚೆನ್ನಾಗಿ ನಡೆಯುತ್ತಿದ್ದಾಗ ಕೊಟ್ಟ ಅಳತೆಗಳಿಂದಲೇ ಲೆಕ್ಕ ಹಾಕಿ ತೆಗೆದವು ಅವು. 'ನಾನು ನೆಟ್ಟಗಿರುವಾಗ ಇಷ್ಟರೊಳಗೆ ಓಲಾಡುತ್ತೇನೆ' ಎಂದು ಮೆಷಿನ್ನೇ ಹೇಳಿದಂತೆ. ಪೀಸು ಸರಿಯಿದೆಯೋ ಇಲ್ಲವೋ ಎಂಬುದಕ್ಕೆ ಮೊದಲ ಜೋಡಿ ಉತ್ತರಿಸುತ್ತದೆ. ಮೆಷಿನ್ ಬೆಳಗ್ಗೆ ಇದ್ದಂತೆಯೇ ಇದೆಯೋ ಇಲ್ಲವೋ ಎಂಬುದಕ್ಕೆ ಎರಡನೆಯ ಜೋಡಿ.

ಈ ಮೆಷಿನ್ನಿನ ಮೇಲೆ ತಯಾರಾಗುತ್ತಿರುವುದು 20 ಮಿಲಿಮೀಟರ್ ವ್ಯಾಸದ ಒಂದು ಸ್ಟೀಲ್ ಪಿನ್ ಎಂದಿಟ್ಟುಕೊಳ್ಳೋಣ. ಟಾಲರೆನ್ಸ್ ಎರಡೂ ಕಡೆ 30 ಮೈಕ್ರಾನ್, ಅಂದರೆ 19.970ರಿಂದ 20.030ರವರೆಗೆ ಇರಬಹುದು. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಹಾಳೆಯಲ್ಲಿ ಪ್ರತಿ ಸಲವೂ ಉದ್ದನೆಯ ಅಂಕಿ ಬರೆಯುವ ಬದಲು 20.000ದಿಂದ ಎಷ್ಟು ಮೈಕ್ರಾನ್ ಹೆಚ್ಚು ಅಥವಾ ಕಡಿಮೆ ಎಂದು ಬರೆಯುವುದು ಸುಲಭ, ತಪ್ಪೂ ಕಡಿಮೆ. ಬೆಳಗ್ಗೆ ಏಳು ಗಂಟೆಗೆ ಹುಡುಗಿ ಬರೆದ ಐದು ಅಳತೆಗಳು ಹೀಗಿದ್ದವು: +4, −3, +9, +1, −1. ಕೂಡಿದರೆ 10, ಐದರಿಂದ ಭಾಗಿಸಿದರೆ ಸರಾಸರಿ +2. ಅತಿ ದೊಡ್ಡದು +9, ಅತಿ ಚಿಕ್ಕದು −3. ಇವೆರಡರ ನಡುವಿನ ಅಂತರ 12. ಈ ಅಂತರಕ್ಕೆ ಶಾಪಿನಲ್ಲಿ ರೇಂಜ್ ಎನ್ನುತ್ತಾರೆ. ಸರಾಸರಿಯ ಚುಕ್ಕೆ ಮೇಲಿನ ಚಾರ್ಟಿಗೆ, ರೇಂಜಿನ ಚುಕ್ಕೆ ಕೆಳಗಿನ ಚಾರ್ಟಿಗೆ. ಗಣಿತ ಇಷ್ಟೇ, ಫೋನಿನ ಕ್ಯಾಲ್ಕುಲೇಟರ್ ಕೂಡ ಬೇಕಿಲ್ಲ.

ಗೆರೆಗಳು ಎಲ್ಲಿಂದ ಬಂದವು? ಈ ಕೆಲಸ ಶುರುವಾದಾಗ ಇಂಥದ್ದೇ ಐದೈದು ಪೀಸಿನ 25 ಗುಂಪುಗಳನ್ನು ಅಳೆದಿದ್ದರು. ಆ 25 ಸರಾಸರಿಗಳ ಸರಾಸರಿ +2 ಬಂತು; ಅದೇ ನಡುಗೆರೆ. ರೇಂಜ್‌ಗಳ ಸರಾಸರಿ 14. ಐದು ಪೀಸಿನ ಗುಂಪಿಗೆ ಕೋಷ್ಟಕದಲ್ಲಿ 0.577 ಎಂಬ ಸಿದ್ಧ ಅಂಕಿಯಿದೆ. ಅದರಿಂದ 14ನ್ನು ಗುಣಿಸಿದರೆ ಸುಮಾರು 8. ನಡುಗೆರೆಯಿಂದ ಎಂಟು ಮೇಲಕ್ಕೆ ಹೋದರೆ +10, ಎಂಟು ಕೆಳಕ್ಕೆ ಬಂದರೆ −6. ರೇಂಜಿನ ಚಾರ್ಟಿಗೆ ಬೇರೆ ಅಂಕಿ, 2.114, ಅದರ ಮೇಲಿನ ಗೆರೆ 30ರ ಹತ್ತಿರ ಬರುತ್ತದೆ. ಇಷ್ಟು ಸಣ್ಣ ಗುಂಪಿನ ರೇಂಜ್ ಚಾರ್ಟಿಗೆ ಕೆಳಗಿನ ಗೆರೆ ಸೊನ್ನೆಯೇ.

ಸರಾಸರಿಯ ಗೆರೆಗಳು ಟಾಲರೆನ್ಸಿಗಿಂತ ಎಷ್ಟು ಒಳಗಿವೆ ಎಂಬುದನ್ನು ಗಮನಿಸಬೇಕು. ಟಾಲರೆನ್ಸ್ +30ರವರೆಗೆ ಬಿಟ್ಟಿದೆ, ಚಾರ್ಟಿನ ಗೆರೆ +10ರಲ್ಲೇ ನಿಂತಿದೆ. ಬಿಡಿ ಪಿನ್‌ಗಳು ನಡುಗೆರೆಯಿಂದ ಆಚೀಚೆ 18 ಮೈಕ್ರಾನ್‌ವರೆಗೂ ಓಲಾಡುತ್ತವೆ, ಆದರೆ ಐದರ ಸರಾಸರಿ ತೆಗೆದರೆ ಹೆಚ್ಚೂ ಕಡಿಮೆಯೂ ಒಂದನ್ನೊಂದು ಹೊಡೆದುಹಾಕಿ ಓಲಾಟ ಎಂಟಕ್ಕೆ ಇಳಿಯುತ್ತದೆ. ಆದ್ದರಿಂದಲೇ ಸರಾಸರಿಯ ಚಾರ್ಟಿನ ಮೇಲೆ ಟಾಲರೆನ್ಸಿನ ಗೆರೆಗಳನ್ನು ಎಳೆಯುವುದು ದೊಡ್ಡ ತಪ್ಪು. ಆಗ ಚುಕ್ಕೆ +25ಕ್ಕೆ ಬಂದರೂ ನೋಡಿದವರಿಗೆ ಇನ್ನೂ ಐದು ಮೈಕ್ರಾನ್ ಜಾಗ ಉಳಿದಂತೆ ಕಾಣುತ್ತದೆ. ಅಷ್ಟರಲ್ಲಿ ಬಿಡಿ ಪಿನ್‌ಗಳಲ್ಲಿ ಐದಕ್ಕೆ ಒಂದರಂತೆ ರಿಜೆಕ್ಟ್ ಆಗತೊಡಗಿರುತ್ತವೆ.

ಚುಕ್ಕೆಗಳ ಈ ಉಪಾಯ ನೂರು ವರ್ಷ ದಾಟಿದ್ದು. ಅಮೆರಿಕದಲ್ಲಿ ಟೆಲಿಫೋನ್ ಉಪಕರಣ ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ವಾಲ್ಟರ್ ಶೂಹಾರ್ಟ್ 1924ರ ಮೇ 16ರಂದು ತಮ್ಮ ಮೇಲಧಿಕಾರಿಗೆ ಒಂದೇ ಪುಟದ ಟಿಪ್ಪಣಿ ಕಳಿಸಿದರು. ಅದರಲ್ಲಿ ಒಂದು ಪುಟ್ಟ ಚಿತ್ರವಿತ್ತು; ಇಂದಿನ ಎಲ್ಲ ಕಂಟ್ರೋಲ್ ಚಾರ್ಟುಗಳಿಗೂ ಅದೇ ಮೂಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ, 1947–48ರಲ್ಲಿ, ಕಲ್ಕತ್ತೆಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದ ಪಿ.ಸಿ. ಮಹಾಲನೋಬಿಸ್ ಅವರ ಆಹ್ವಾನದ ಮೇಲೆ ಶೂಹಾರ್ಟ್ ಭಾರತಕ್ಕೂ ಬಂದು ಉಪನ್ಯಾಸ ಕೊಟ್ಟರು. 1950ರ ದಶಕದಲ್ಲಿ ಅದೇ ಸಂಸ್ಥೆ ಕಾರ್ಖಾನೆಗಳಿಗೆ ಈ ವಿದ್ಯೆ ಕಲಿಸಲು ತೆರೆದ ಘಟಕಗಳಲ್ಲಿ ಬೆಂಗಳೂರಿನದೂ ಒಂದು.

ಶೂಹಾರ್ಟ್ ಕಂಡದ್ದು ಇದು: ಯಾವ ಮೆಷಿನ್ನೂ ಎರಡು ಪೀಸನ್ನು ಒಂದೇ ಅಳತೆಗೆ ಮಾಡುವುದಿಲ್ಲ. ಬೇರಿಂಗಿನ ಸಣ್ಣ ಅಲುಗಾಟ, ಕಂಬಿಯ ಗಡಸುತನದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ, ಕೂಲಂಟಿನ ಬಿಸಿ, ಹೀಗೆ ನೂರಾರು ಚಿಲ್ಲರೆ ಕಾರಣಗಳು ಸೇರಿ ಅಳತೆಯನ್ನು ಆಚೀಚೆ ತೂಗಾಡಿಸುತ್ತವೆ. ಅದು ಮೆಷಿನ್ನಿನ ಸಹಜ ಉಸಿರಾಟ. ಒಮ್ಮೊಮ್ಮೆ ಮಾತ್ರ ಹೊರಗಿನಿಂದ ಬೇರೆಯದೇ ಕಾರಣವೊಂದು ಬಂದು ಸೇರುತ್ತದೆ: ಇನ್ಸರ್ಟ್ ಸವೆದಿರುತ್ತದೆ, ಚಕ್ಕಿನ ಜಾ ಸಡಿಲವಾಗಿರುತ್ತದೆ, ಬೇರೆ ಹೀಟ್ ನಂಬರಿನ ಕಂಬಿ ಬಂದಿರುತ್ತದೆ. ಹುಡುಕಿದರೆ ಸಿಗುವ ಕಾರಣ ಇದು. ಎರಡನ್ನೂ ಬೇರೆ ಮಾಡಿ ತೋರಿಸುವುದು ಚಾರ್ಟಿನ ಕೆಲಸ.

ಬೇರೆ ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು ಅದೇ ಪಿನ್ನಿನ ಮೇಲೆ ನೋಡಬಹುದು. ಚಾರ್ಟಿಲ್ಲದ ಶಾಪಿನಲ್ಲಿ ಆಪರೇಟರ್ ಒಂದು ಪೀಸು ತೆಗೆದು ಅಳೆಯುತ್ತಾರೆ: +16. ದೊಡ್ಡದಾಯಿತು ಎಂದುಕೊಂಡು ಆಫ್‌ಸೆಟ್ 16 ಮೈಕ್ರಾನ್ ಇಳಿಸುತ್ತಾರೆ. ಆದರೆ +2ರ ಸುತ್ತ 18 ಮೈಕ್ರಾನ್ ಓಲಾಡುವ ಮೆಷಿನ್ನಿಗೆ +16 ಸಹಜವೇ ಆಗಿತ್ತು. ಈಗ ಅದರ ನಡು −14ಕ್ಕೆ ಜಾರಿತು. ಮುಂದಿನ ಪೀಸು −22 ಬರುತ್ತದೆ. ಗಾಬರಿಯಾಗಿ 22 ಏರಿಸುತ್ತಾರೆ, ನಡು +8ಕ್ಕೆ ಹೋಗುತ್ತದೆ. ಮೆಷಿನ್ ಕೆಟ್ಟಿರಲಿಲ್ಲ, ಕೆಡಿಸಿದ್ದು ಕೈ. ಹೀಗೆ ಪ್ರತಿ ಪೀಸಿಗೂ ಅದರ ತಪ್ಪಿನಷ್ಟೇ ತಿದ್ದುತ್ತಾ ಹೋದರೆ ಓಲಾಟ ಒಂದೂವರೆ ಪಟ್ಟಿನ ಸಮೀಪಕ್ಕೆ ಹಿಗ್ಗುತ್ತದೆ ಎಂದು ಲೆಕ್ಕ ಹೇಳುತ್ತದೆ: 18 ಮೈಕ್ರಾನ್ ಇದ್ದದ್ದು 25 ದಾಟುತ್ತದೆ. ಟಾಲರೆನ್ಸ್ 30 ಮಾತ್ರ. ಅಮೆರಿಕದ ಎಡ್ವರ್ಡ್ಸ್ ಡೆಮಿಂಗ್ ಇದನ್ನು ತೋರಿಸಲು ತಮ್ಮ ತರಗತಿಗಳಲ್ಲಿ ಒಂದು ಆಲಿಕೆ, ಒಂದು ಗೋಲಿ ಇಟ್ಟುಕೊಂಡಿರುತ್ತಿದ್ದರು. ಆಲಿಕೆಯನ್ನು ಗುರಿಯ ಮೇಲೆ ಅಲ್ಲಾಡಿಸದೆ ಇಟ್ಟು ಗೋಲಿ ಬಿಟ್ಟರೆ ಬೀಳುವ ಜಾಗಗಳು ಒತ್ತಾಗಿರುತ್ತವೆ. ಗೋಲಿ ಬಿದ್ದಲ್ಲಿಗೆ ಲೆಕ್ಕ ಹಾಕಿ ಪ್ರತಿ ಸಲ ಆಲಿಕೆ ಸರಿಸಿದರೆ ಚದುರಿಹೋಗುತ್ತವೆ. ಶ್ರದ್ಧೆಯಿಂದ ಕೆಲಸ ಮಾಡುವವರೇ ಈ ತಪ್ಪು ಹೆಚ್ಚು ಮಾಡುತ್ತಾರೆ ಎಂಬುದು ನೋವಿನ ಸಂಗತಿ. ಸುಮ್ಮನೆ ಬಿಡಬೇಕಾದಾಗ ಸುಮ್ಮನೆ ಬಿಡಲು ಅವರಿಗೊಂದು ಆಧಾರ ಬೇಕು. ಚಾರ್ಟು ಆ ಆಧಾರ.

ಹುಡುಗಿಯ ಹಾಳೆಗೆ ಮರಳೋಣ. ಏಳಕ್ಕೆ +2, ಎಂಟಕ್ಕೆ 0, ಒಂಬತ್ತಕ್ಕೆ +4, ಹತ್ತಕ್ಕೆ +5, ಹನ್ನೊಂದಕ್ಕೆ +7, ಹನ್ನೆರಡಕ್ಕೆ +9. ಒಂದು ಗಂಟೆಗೆ ಬಂದ ಪೀಸುಗಳು +8, +15, +12, +19, +6; ಸರಾಸರಿ +12, ಗೆರೆಯ ಹೊರಗೆ. ಈಗ ಕೆಳಗಿನ ಚಾರ್ಟನ್ನೂ ಜತೆಗೇ ಓದಬೇಕು. ರೇಂಜ್ 13, ಬೆಳಗ್ಗೆ ಇದ್ದಷ್ಟೇ. ಅಂದರೆ ಮೆಷಿನ್ನಿನ ಹಿಡಿತ ಸಡಿಲವಾಗಿಲ್ಲ, ಪೀಸುಗಳೆಲ್ಲ ಒಟ್ಟಿಗೇ ಒಂದೇ ದಿಕ್ಕಿಗೆ ಸರಿದಿವೆ. ಹೊರವ್ಯಾಸ ಕತ್ತರಿಸುವಾಗ ಇನ್ಸರ್ಟಿನ ತುದಿ ಸವೆದಷ್ಟೂ ಅದು ಲೋಹದಿಂದ ಹಿಂದೆ ಸರಿಯುತ್ತದೆ, ಪೀಸು ದಪ್ಪವಾಗುತ್ತಾ ಹೋಗುತ್ತದೆ. ಎಂಟು ಗಂಟೆಯಿಂದ ಒಂದೇ ಸಮನೆ ಏರಿದ ಚುಕ್ಕೆಗಳು ಬೆರಳು ತೋರಿಸುತ್ತಿರುವುದು ಅತ್ತಲೇ. ಇದೇ ಹೊತ್ತಿಗೆ ಸರಾಸರಿ ನೆಟ್ಟಗಿದ್ದು ರೇಂಜ್ ಮಾತ್ರ 30 ದಾಟಿದ್ದರೆ ಇನ್ಸರ್ಟಿನ ಸವೆತಕ್ಕಿಂತ ಮೊದಲು ಚಕ್ ನೋಡಬೇಕಿತ್ತು: ಜಾ ನಡುವೆ ಚಿಪ್ಸ್ ಸಿಕ್ಕಿದೆಯೇ, ಹಿಡಿತದ ಒತ್ತಡ ಇಳಿದಿದೆಯೇ ಎಂದು.

ಮೆಷಿನ್ ಮುಟ್ಟುವ ಮೊದಲು ಇನ್ನೊಂದು ಕೆಲಸವಿದೆ, ಅದನ್ನು ಹೊಸಬರು ಬಿಟ್ಟುಬಿಡುತ್ತಾರೆ. ತಪ್ಪು ಪೀಸಿನದೋ, ಅಳೆದದ್ದರದೋ? ಮೈಕ್ರೋಮೀಟರಿನ ಎರಡೂ ಮುಖ ಒರೆಸಿ, ಮುಚ್ಚಿ, ಸೊನ್ನೆ ಬರುತ್ತದೆಯೇ ನೋಡಬೇಕು. ರಾಚೆಟ್ ತಿರುಗಿಸಿ ಅದೇ ಐದನ್ನು ಮತ್ತೊಮ್ಮೆ ಅಳೆಯಬೇಕು. ಪೀಸಿನ ಬಿಸಿಯೂ ಮೋಸ ಮಾಡುತ್ತದೆ. ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಹೇಳಿದವು. ಒಂದು ಡಿಗ್ರಿ ಬಿಸಿಯೇರಿದರೆ ಒಂದು ಮೀಟರ್ ಉಕ್ಕು ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. ನಮ್ಮ ಪಿನ್ ಪುಟ್ಟದಾದರೂ ಮೆಷಿನ್ನಿಂದ ಆಗಷ್ಟೇ ತೆಗೆದಾಗ ತಣ್ಣಗಾದ ಪೀಸಿಗಿಂತ 20 ಡಿಗ್ರಿ ಬಿಸಿಯಿದ್ದರೆ ನಾಲ್ಕು ಮೈಕ್ರಾನಿಗಿಂತ ಹೆಚ್ಚು ದಪ್ಪ ತೋರಿಸುತ್ತದೆ. ಒಂದು ಶಿಫ್ಟಿನವರು ಬಿಸಿಬಿಸಿಯಾಗಿ ಅಳೆದು, ಇನ್ನೊಂದು ಶಿಫ್ಟಿನವರು ಚಹಾ ಕುಡಿದು ಬಂದು ಅಳೆದರೆ ಚಾರ್ಟಿನಲ್ಲಿ ಎರಡು ಶಿಫ್ಟಿಗೆ ಎರಡು ಮಟ್ಟ ಕಾಣುತ್ತದೆ, ಮೆಷಿನ್ ಪಾಪ ಏನೂ ಮಾಡಿರುವುದಿಲ್ಲ.

ಸಾಧನದ ಲೀಸ್ಟ್ ಕೌಂಟ್ ಕೂಡ ಹಾಗೆಯೇ. 10 ಮೈಕ್ರಾನ್ ಓದುವ ಮಾಮೂಲಿ ಮೈಕ್ರೋಮೀಟರಿನಲ್ಲಿ ಈ ಪಿನ್ ಅಳೆದರೆ ರೇಂಜಿನ ಚಾರ್ಟಿನಲ್ಲಿ 0, 10, 20 ಬಿಟ್ಟರೆ ಬೇರೆ ಅಂಕಿಯೇ ಬರುವುದಿಲ್ಲ. ಚುಕ್ಕೆಗಳು ಮೆಟ್ಟಿಲಿನಂತೆ ಎರಡು ಮೂರು ಮಟ್ಟದಲ್ಲಷ್ಟೇ ಕೂತಿದ್ದರೆ ಒಂದು ಮೈಕ್ರಾನ್ ಓದುವ ಸಾಧನ ಕೇಳಿ ತರಬೇಕು.

ಐದು ಪೀಸನ್ನು ಹೇಗೆ ಆರಿಸಿದಿರಿ ಎಂಬುದರ ಮೇಲೂ ಚಾರ್ಟಿನ ಕಣ್ಣು ನಿಂತಿದೆ. ಒಂದರ ಹಿಂದೆ ಒಂದು ಬಂದ ಐದನ್ನೇ ತೆಗೆಯಬೇಕು. ಆಗ ಗುಂಪಿನೊಳಗಿನ ರೇಂಜ್ ಮೆಷಿನ್ನಿನ ಸಹಜ ಉಸಿರಾಟವನ್ನಷ್ಟೇ ಹಿಡಿಯುತ್ತದೆ, ಗಂಟೆಯಿಂದ ಗಂಟೆಗೆ ಆದ ಬದಲಾವಣೆ ಗುಂಪುಗಳ ನಡುವೆ ಎದ್ದು ಕಾಣುತ್ತದೆ. ಎರಡು ಮೆಷಿನ್ನಿನ ಪೀಸು ಒಂದೇ ಟ್ರೇಗೆ ಬೀಳುತ್ತಿದ್ದು ಅಲ್ಲಿಂದ ಐದು ಎತ್ತಿಕೊಂಡರೆ ಎರಡರ ವ್ಯತ್ಯಾಸವೂ ರೇಂಜಿನೊಳಗೆ ಸೇರಿ, ಗೆರೆಗಳು ದೂರ ಸರಿದು, ಚಾರ್ಟು ಕುರುಡಾಗುತ್ತದೆ.

ಈಗ ಹಾಳೆಯ ಮೇಲ್ಭಾಗ. ಪಾರ್ಟ್ ನಂಬರ್, ಮೆಷಿನ್ ನಂಬರ್, ಹೀಟ್ ನಂಬರ್, ಮೈಕ್ರೋಮೀಟರಿನ ಗುರುತಿನ ಸಂಖ್ಯೆ ಮತ್ತು ಅದರ ಕ್ಯಾಲಿಬ್ರೇಷನ್ ಮುಗಿಯುವ ದಿನ, ಆಪರೇಟರ್ ಹೆಸರು, ಅಳೆದವರ ಸಹಿ, ಪ್ರತಿ ಗುಂಪಿಗೂ ಗಂಟೆ. ಇಂಟರ್ನ್‌ಗಳಿಗೆ ಇವು ಬೇಸರದ ಖಾನೆಗಳು. ಶಿಫ್ಟ್ ಮುಗಿದ ಮೇಲೆ ಒಟ್ಟಿಗೆ ತುಂಬೋಣ ಅನ್ನಿಸುತ್ತದೆ. ಆದರೆ ಒಂದೂವರೆ ನಿಮಿಷಕ್ಕೊಂದು ಪಿನ್ ಬರುವ ಮೆಷಿನ್ನಿನಲ್ಲಿ ಗಂಟೆಗೆ 40 ಪಿನ್. ಹನ್ನೆರಡರ ಗುಂಪು ಗೆರೆಯೊಳಗಿತ್ತು ಎಂದು ಹಾಳೆ ಹೇಳಿದರೆ ಅನುಮಾನ ಆ 40 ಪಿನ್‌ಗಳ ಮೇಲೆ ಮಾತ್ರ. ಗಂಟೆ ಬರೆದಿಲ್ಲದಿದ್ದರೆ ಬೆಳಗ್ಗೆ ಆರರಿಂದ ತಯಾರಾದ 280 ಪಿನ್‌ಗಳನ್ನೂ ಬಿನ್ನಿನಿಂದ ಸುರಿದು ಒಂದೊಂದಾಗಿ ಅಳೆಯಬೇಕು. ಮೈಕ್ರೋಮೀಟರಿನ ಸಂಖ್ಯೆಯದೂ ಇದೇ ಕಥೆ: ತಿಂಗಳ ನಂತರ ಅದು ತಪ್ಪು ತೋರಿಸುತ್ತಿತ್ತು ಎಂದು ಗೊತ್ತಾದರೆ, ಅದರಲ್ಲಿ ಅಳೆದ ಬ್ಯಾಚ್‌ಗಳು ಯಾವುವು ಎಂದು ಹೇಳುವುದು ಆ ಒಂದು ಖಾನೆ ಮಾತ್ರ.

ಎಲ್ಲಕ್ಕಿಂತ ಬೆಲೆಯುಳ್ಳ ಖಾನೆ ಬಲತುದಿಯ ಷರಾ. ಇನ್ಸರ್ಟ್ ಬದಲಿಸಿದ್ದು, ಕರೆಂಟ್ ಹೋಗಿ ಬಂದದ್ದು, ಹೊಸ ಕಂಬಿ ಹಾಕಿದ್ದು, ಕೂಲಂಟ್ ತುಂಬಿಸಿದ್ದು, ಎಲ್ಲವನ್ನೂ ಆದ ಹೊತ್ತಿಗೇ ಅಲ್ಲಿ ಬರೆಯಬೇಕು. ಚುಕ್ಕೆ ಹೊರಹೋದಾಗ ಕಾರಣ ಹುಡುಕುವವರು ಮೊದಲು ನೋಡುವುದು ಅದನ್ನೇ.

ಅಳೆಯದೆ ಬರೆದ ಹಾಳೆಯನ್ನು ಪತ್ತೆ ಹಚ್ಚುವುದು ಅನುಭವಿಗಳಿಗೆ ಕಷ್ಟವಲ್ಲ, ಯಾಕೆಂದರೆ ಅದು ಅತಿಯಾಗಿ ಚೆನ್ನಾಗಿರುತ್ತದೆ. ನಿಜವಾದ ಚುಕ್ಕೆಗಳಲ್ಲಿ ಸುಮಾರು ಮೂರರಲ್ಲಿ ಒಂದು, ನಡುಗೆರೆಯಿಂದ ಹೊರಗೆರೆಗೆ ಇರುವ ದೂರದ ಮೊದಲ ಮೂರನೇ ಒಂದು ಭಾಗವನ್ನು ದಾಟಿಯೇ ಇರುತ್ತದೆ. ಸಾಲಾಗಿ ಹದಿನೈದು ಚುಕ್ಕೆ ನಡುಗೆರೆಯನ್ನು ತಬ್ಬಿಕೊಂಡು ಕೂತಿದ್ದರೆ, ಒಂದೋ ಗೆರೆಗಳ ಲೆಕ್ಕ ಹಳತಾಗಿದೆ, ಇಲ್ಲವೇ ಎರಡು ಮೆಷಿನ್ನಿನ ಪೀಸು ಬೆರೆತಿದೆ, ಅದೂ ಅಲ್ಲದಿದ್ದರೆ ಅಂಕಿಗಳು ಕ್ಯಾಂಟೀನಿನಲ್ಲಿ ಹುಟ್ಟಿವೆ. ಮನಸ್ಸಿನಿಂದ ಬರೆದ ಅಂಕಿಗಳಲ್ಲಿ ಸೊನ್ನೆ ಮತ್ತು ಐದು ಮತ್ತೆ ಮತ್ತೆ ಬರುತ್ತವೆ. ಇನ್ನೊಂದು ಬಗೆ ಇದಕ್ಕಿಂತ ಸೂಕ್ಷ್ಮ: +31 ಬಂದದ್ದನ್ನು ಇನ್ನೊಮ್ಮೆ ಒತ್ತಿ ಅಳೆದು +30 ಎಂದು ಬರೆಯುವುದು. ತಿಂಗಳ ಅಳತೆಗಳನ್ನೆಲ್ಲ ಜೋಡಿಸಿ ನೋಡಿದರೆ ಟಾಲರೆನ್ಸಿನ ಅಂಚಿಗೆ ಸರಿಯಾಗಿ ಒಂದು ಗುಡ್ಡೆ, ಅದರಾಚೆ ಬಯಲು. ಇದು ಹೆಚ್ಚಿನ ಸಲ ದುರುದ್ದೇಶವಲ್ಲ, ಭಯ. ರಿಜೆಕ್ಷನ್ ಬರೆದ ಹುಡುಗನನ್ನು ಎಲ್ಲರೆದುರು ಬೈಯುವ ಶಾಪಿನಲ್ಲಿ ಅಂಥ ಗುಡ್ಡೆ ಬೆಳೆಯದೆ ಇರುವುದಿಲ್ಲ, ಅದರ ಹೊಣೆ ಬೈಯುವವರದ್ದೇ.

ಚಾರ್ಟಿಗೂ ಮಿತಿಯಿದೆ. ಮೆಷಿನ್ ನೆಟ್ಟಗಿದ್ದರೂ ಸುಮಾರು 370 ಚುಕ್ಕೆಗೊಮ್ಮೆ ಒಂದು ಸುಮ್ಮನೆ ಗೆರೆ ದಾಟುತ್ತದೆ. ಹುಡುಕಿ ಏನೂ ಸಿಗದಿದ್ದರೆ ಹಾಗೆಂದೇ ಷರಾ ಬರೆದು ಮುಂದುವರಿಯಬೇಕು. ಗೆರೆ ದಾಟದೆಯೂ ಸುಳಿವು ಸಿಗುವುದುಂಟು: ಸಾಲಾಗಿ ಎಂಟು ಚುಕ್ಕೆ ನಡುಗೆರೆಯ ಒಂದೇ ಬದಿಗೆ ಬಿದ್ದರೆ ಮಟ್ಟ ಸರಿದಿದೆ ಎಂದು ವೆಸ್ಟರ್ನ್ ಎಲೆಕ್ಟ್ರಿಕ್ 1956ರಲ್ಲಿ ಪ್ರಕಟಿಸಿದ ಕೈಪಿಡಿ ಹೇಳುತ್ತದೆ. ಕೆಲವು ಕಾರ್ಖಾನೆಗಳು ಏಳಕ್ಕೇ ಎಚ್ಚರವಾಗುತ್ತವೆ. ಇಂಥ ನಿಯಮ ಹೆಚ್ಚಿಸಿದಷ್ಟೂ ಸುಳ್ಳು ಕೂಗೂ ಹೆಚ್ಚುತ್ತದೆ, ಆದ್ದರಿಂದ ತಮ್ಮ ಶಾಪಿನಲ್ಲಿ ಯಾವುದು ನಿಯಮ ಎಂದು ಇಂಟರ್ನ್ ಮೊದಲ ದಿನವೇ ಕೇಳಿಟ್ಟುಕೊಳ್ಳಬೇಕು. ಬಿರುಕು, ಗೀರುಗಳಂತೆ ಅಳೆಯಲಾಗದ ದೋಷಗಳಿಗೆ ಎಷ್ಟರಲ್ಲಿ ಎಷ್ಟು ಕೆಟ್ಟವು ಎಂದು ಎಣಿಸುವ ಬೇರೆ ಚಾರ್ಟುಗಳಿವೆ. ಅವಕ್ಕೆ ಐದು ಪೀಸು ಸಾಲದು, ಒಮ್ಮೆಗೆ ನೂರರ ಲೆಕ್ಕದಲ್ಲಿ ನೋಡಬೇಕಾಗುತ್ತದೆ.

ಮೂರನೇ ಮೆಷಿನ್ ನಿಂತಿತು. ಮೈಕ್ರೋಮೀಟರ್ ಸೊನ್ನೆ ತೋರಿಸಿತು, ತಣ್ಣಗಾದ ಪೀಸುಗಳು ಮತ್ತೆ ಅಷ್ಟೇ ಬಂದವು. ಆಪರೇಟರ್ ಇನ್ಸರ್ಟ್ ಬಿಚ್ಚಿ ಬೆಳಕಿಗೆ ಹಿಡಿದರು: ಅಂಚಿನಲ್ಲಿ ಸವೆದ ಹೊಳಪಿನ ಪಟ್ಟಿ. ಹೊಸ ಅಂಚು ತಿರುಗಿಸಿ ಕೂರಿಸಿ, ಆಫ್‌ಸೆಟ್ ಹೊಂದಿಸಿ, ಐದು ಪೀಸು ಓಡಿಸಿದರು. ಸರಾಸರಿ +1, ರೇಂಜ್ 11. ಹನ್ನೆರಡರಿಂದ ಒಂದರವರೆಗಿನ 40 ಪಿನ್‌ಗಳನ್ನು ಹಳದಿ ಟ್ಯಾಗ್ ಕಟ್ಟಿ ಪಕ್ಕಕ್ಕಿಟ್ಟು ಅಳೆದರು. ಒಂದೂ ಟಾಲರೆನ್ಸ್ ದಾಟಿರಲಿಲ್ಲ, ಎಲ್ಲವೂ ಒಳ್ಳೆಯ ಬಿನ್ನಿಗೆ ಹೋದವು. ಹುಡುಗಿ ಹಳೆಯ ಚುಕ್ಕೆಯನ್ನು ಅಳಿಸದೆ ಅದರ ಸುತ್ತ ಒಂದು ವೃತ್ತ ಎಳೆದಳು. ಷರಾ ಖಾನೆಯಲ್ಲಿ ಬರೆದಳು: '1.05ಕ್ಕೆ ಮೆಷಿನ್ ನಿಲುಗಡೆ. ಇನ್ಸರ್ಟ್ ಸವೆತ, ಅಂಚು ಬದಲು. ಹಿಂದಿನ 40 ಪಿನ್ ಪೂರ್ತಿ ಅಳತೆ, ಓಕೆ. 1.20ಕ್ಕೆ ಪುನರಾರಂಭ. ಈ ಅಂಚು ಸುಮಾರು 280 ಪಿನ್ ಮಾಡಿದೆ.'

ಎರಡು ಗಂಟೆಗೆ ಬಂದ ಎರಡನೇ ಶಿಫ್ಟಿನ ಆಪರೇಟರ್ ಹಾಳೆ ತಿರುಗಿಸಿ ಕೊನೆಯ ಸಾಲನ್ನು ಎರಡು ಸಲ ಓದಿದರು. ಆಮೇಲೆ ಮೆಷಿನ್ನಿನ ಟೂಲ್ ಕೌಂಟರನ್ನು 240 ಪಿನ್‌ಗೆ ಹೊಂದಿಸಿದರು.